‘ಮೇಡ್ ಇನ್’ ಲೇಬಲ್ ಹೇಳುವುದು ಹೊಲಿದ ದೇಶವನ್ನು, ನೇಯ್ದ ದೇಶವನ್ನಲ್ಲ

ಸಿದ್ಧ ಉಡುಪಿನ ಖರೀದಿ ವಿಭಾಗಕ್ಕೆ ಹೊಸದಾಗಿ ಸೇರಿದವರು ಮಾಡುವ ತಪ್ಪೊಂದಿದೆ. ಫಾರ್ಮಿನಲ್ಲಿ ‘ಬಟ್ಟೆಯ ಮೂಲ’ ಎಂಬ ಕಾಲಂ ಕಂಡ ತಕ್ಷಣ ಸ್ಯಾಂಪಲ್ ಶರ್ಟಿನ ಕತ್ತಿನ ಲೇಬಲ್ ತಿರುಗಿಸಿ, ಅಲ್ಲಿರುವ ದೇಶದ ಹೆಸರನ್ನೇ ಬರೆದುಬಿಡುತ್ತಾರೆ. ‘ಮೇಡ್ ಇನ್ ಬಾಂಗ್ಲಾದೇಶ’ ಎಂದಿದ್ದರೆ ಬಟ್ಟೆಯೂ ಬಾಂಗ್ಲಾದೇಶದ್ದೇ ಎಂದು ನಂಬುತ್ತಾರೆ. ಆ ಲೇಬಲ್ ಬಟ್ಟೆಯ ಬಗ್ಗೆ ಏನನ್ನೂ ಹೇಳುತ್ತಿರುವುದಿಲ್ಲ.

ಒಂದು ಕಾಲ್ಪನಿಕ ಆರ್ಡರ್ ಇಟ್ಟುಕೊಂಡು ನೋಡೋಣ. ಗಂಡಸರ ತುಂಬು ತೋಳಿನ ಕಾಟನ್ ಶರ್ಟ್, ಹತ್ತು ಸಾವಿರ ಪೀಸ್. ಹತ್ತಿ ಅಮೆರಿಕದ್ದು, ನೂಲು ತೆಗೆದದ್ದು ಇಂಡೋನೇಷ್ಯಾದಲ್ಲಿ, ನೇಯ್ದು ಬಣ್ಣ ಹಾಕಿದ್ದು ಚೀನಾದಲ್ಲಿ, ಕತ್ತರಿಸಿ ಹೊಲಿದದ್ದು ಬಾಂಗ್ಲಾದೇಶದಲ್ಲಿ. ಶರ್ಟಿನ ವೆಚ್ಚದಲ್ಲಿ ದೊಡ್ಡ ಪಾಲು ಸಾಮಾನ್ಯವಾಗಿ ಬಟ್ಟೆಯದೇ. ಆದರೂ ಅಮೆರಿಕಕ್ಕೆ ಹೋಗುವ ಈ ಶರ್ಟಿನ ಲೇಬಲ್ ಮೇಲೆ ಬರಬೇಕಾದ ಹೆಸರು ಬಾಂಗ್ಲಾದೇಶ. ‘ಚೀನಾ’ ಎಂದು ಹಾಕಿದರೆ ಅದೇ ತಪ್ಪು ಲೇಬಲ್ ಆಗುತ್ತದೆ.

ಇದಕ್ಕೆ ಕಾರಣ ಕಸ್ಟಮ್ಸ್ ಕೇಳುವ ಪ್ರಶ್ನೆ. ಯಾವ ದೇಶದಲ್ಲಿ ಎಷ್ಟು ಹಣ ಖರ್ಚಾಯಿತು, ಕಚ್ಚಾ ಮಾಲು ಎಲ್ಲಿ ಹುಟ್ಟಿತು ಎಂದು ಅದು ಕೇಳುವುದಿಲ್ಲ. ಈ ವಸ್ತು ಕೊನೆಯ ಸಲ ಬೇರೊಂದು ವಸ್ತುವಾಗಿ ಬದಲಾದದ್ದು ಎಲ್ಲಿ ಎಂದು ಕೇಳುತ್ತದೆ. ಬಟ್ಟೆ ಶರ್ಟಾದ ಜಾಗವೇ ಉತ್ತರ. ಅಮೆರಿಕ ಜವಳಿಗೆ ಈ ನಿಯಮವನ್ನು ಬಿಡಿಬಿಡಿಯಾಗಿ ಬರೆದಿಟ್ಟಿದೆ. 1994ರ ಕಾನೂನಿನಿಂದ ಬಂದು 1996ರ ಜುಲೈ 1ರಿಂದ ಜಾರಿಯಾದ ಈ ನಿಯಮಗಳು ಕಸ್ಟಮ್ಸ್ ಕಟ್ಟಳೆಯ 102.21ನೇ ಕಲಮಿನಲ್ಲಿವೆ. ಯುರೋಪಿಯನ್ ಒಕ್ಕೂಟದ ಕಸ್ಟಮ್ಸ್ ಸಂಹಿತೆಯೂ ಕೊನೆಯ ಗಣನೀಯ ಸಂಸ್ಕರಣೆಯನ್ನೇ ಹಿಡಿಯುತ್ತದೆ. ಆದರೆ ಅಲ್ಲಿ ಉಡುಪಿನ ಮೇಲೆ ಮೂಲ ದೇಶದ ಲೇಬಲ್ ಕಡ್ಡಾಯವಿಲ್ಲ.

ಇಲ್ಲಿ ‘ಗಣನೀಯ’ ಎಂಬ ಮಾತಿಗೆ ತೂಕವಿದೆ. ಲೇಬಲ್ ಕೊನೆಯ ಜಾಗವನ್ನು ಹೇಳುತ್ತದೆ ಎಂದು ಒಂದೇ ಏಟಿಗೆ ನೆನಪಿಟ್ಟುಕೊಂಡವರು ಇನ್ನೊಂದು ಕಡೆ ಎಡವುತ್ತಾರೆ. ಹೊಲಿದಾದ ಮೇಲೆ ಶರ್ಟನ್ನು ಮೂರನೆಯ ದೇಶಕ್ಕೆ ಕಳಿಸಿ ಅಲ್ಲಿ ಒಗೆದು, ಇಸ್ತ್ರಿ ಮಾಡಿ, ಗುಂಡಿ ಹಚ್ಚಿ, ಮಡಚಿ, ಪಾಲಿಬ್ಯಾಗಿಗೆ ತುಂಬಿದರೂ ಮೂಲ ಬದಲಾಗುವುದಿಲ್ಲ. ಗುಂಡಿ, ಮಣಿ, ಕಸೂತಿಯಂಥ ಸಣ್ಣ ಸೇರ್ಪಡೆಗಳನ್ನು ನಿಯಮವೇ ಹೆಸರಿಸಿ ಪಕ್ಕಕ್ಕಿಟ್ಟಿದೆ. ಕಾಲರ್, ಕಫ್, ಗುಂಡಿ ಹಚ್ಚುವ ಪಟ್ಟಿಯಾದ ಪ್ಲ್ಯಾಕೆಟ್, ಜೇಬು ಇವುಗಳನ್ನು ಬೇರೆ ದೇಶದಲ್ಲಿ ಮುಂಚೆಯೇ ಹೊಲಿದು ತರಿಸಿಕೊಂಡರೂ ತೊಂದರೆಯಿಲ್ಲ. ಉಡುಪಿನ ಮುಖ್ಯ ಭಾಗಗಳೆಲ್ಲ ಒಂದೇ ದೇಶದಲ್ಲಿ ಜೋಡಣೆಯಾದರೆ ಮೂಲ ಆ ದೇಶದ್ದೇ.

ಕತ್ತರಿಸಿದ ಜಾಗಕ್ಕೂ ಲೆಕ್ಕವಿಲ್ಲ. ಚೀನಾದಲ್ಲೇ ಕಟಿಂಗ್ ಮುಗಿಸಿ, ಬಂಡಲ್ ಕಟ್ಟಿ, ಬಾಂಗ್ಲಾದೇಶಕ್ಕೆ ಹೊಲಿಗೆಗೆ ಕಳಿಸಿದರೂ ಲೇಬಲ್ ಬಾಂಗ್ಲಾದೇಶದ್ದೇ. ಹಳೆಯ ಮರ್ಚಂಡೈಸರ್‌ಗಳ ಬಾಯಲ್ಲಿ ಇನ್ನೂ ‘ಕಟಿಂಗ್ ಎಲ್ಲೋ ಮೂಲ ಅಲ್ಲೇ’ ಎಂಬ ಮಾತು ಕೇಳಿಸಿದರೆ, ಅದು 1996ಕ್ಕೆ ಹಿಂದಿನ ಪದ್ಧತಿಯ ನೆನಪು ಎಂದು ತಿಳಿಯಿರಿ.

ಕೆಲಸ ಕೆಡುವುದು ಹೊಲಿಗೆಯೇ ಎರಡು ದೇಶಕ್ಕೆ ಹಂಚಿಹೋದಾಗ. ಸಾಗಿಸುವ ದಿನ ಹತ್ತಿರ ಬಂದಿದೆ, ಲೈನ್ ತುಂಬಿದೆ, ಕಾರ್ಖಾನೆಯವರು ಮುಂಭಾಗ ಹಿಂಭಾಗಗಳನ್ನು ಭುಜದಲ್ಲಿ ಕೂಡಿಸಿ, ತೋಳು ಹಚ್ಚುವ ಮತ್ತು ಪಕ್ಕದ ಹೊಲಿಗೆ ಹಾಕುವ ಕೆಲಸವನ್ನು ಗಡಿಯಾಚೆಯ ತಮ್ಮ ಇನ್ನೊಂದು ಘಟಕಕ್ಕೆ ಕಳಿಸಿಬಿಡುತ್ತಾರೆ. ಆಗ ಇಡೀ ಜೋಡಣೆ ಒಂದೇ ದೇಶದಲ್ಲಿ ಆಯಿತು ಎನ್ನಲು ಬರುವುದಿಲ್ಲ. ಅತಿ ಮುಖ್ಯವಾದ ಜೋಡಣೆ ಎಲ್ಲಿ ನಡೆಯಿತು ಎಂದು ತೂಗಬೇಕಾಗುತ್ತದೆ. ಅದೂ ತೀರ್ಮಾನವಾಗದಿದ್ದರೆ ಮಾತ್ರ, ಮುಖ್ಯ ಕೆಲಸ ಕೊನೆಯದಾಗಿ ನಡೆದ ದೇಶ ಎಂಬ ಅಳತೆಗೋಲು ಬರುತ್ತದೆ. ಇಂಥ ಆರ್ಡರಿಗೆ ಲೇಬಲ್ ಮುದ್ರಿಸುವ ಮೊದಲೇ ಕಸ್ಟಮ್ಸ್‌ನಿಂದ ಲಿಖಿತ ತೀರ್ಪು ಕೇಳುವುದು ಒಳ್ಳೆಯದು. ಕತ್ತಿನ ಹೊಲಿಗೆಯೊಳಗೆ ಸೇರಿಹೋದ ಹತ್ತು ಸಾವಿರ ಲೇಬಲ್ ಬಿಚ್ಚಿಸುವುದು ಯಾರಿಗೂ ಬೇಡದ ಕೆಲಸ. ತಪ್ಪಾದ ಲೇಬಲನ್ನು ಸರಿಪಡಿಸದೆ ಹೋದರೆ ಸರಕಿನ ಮೌಲ್ಯದ ಮೇಲೆ ಶೇಕಡ 10ರಷ್ಟು ಹೆಚ್ಚುವರಿ ಸುಂಕ ಬೇರೆ ಬೀಳಬಹುದು.

ಈಗ ಅದೇ ಚೀನಾದ ಕಾಟನ್ ಬಟ್ಟೆಯಲ್ಲಿ ಒಂದಿಷ್ಟನ್ನು ಅದೇ ಬಾಂಗ್ಲಾದೇಶದ ಕಾರ್ಖಾನೆ ಹಾಸಿಗೆ ಹೊದಿಕೆ ಮಾಡಲು ಬಳಸಿತು ಅನ್ನಿ. ಅಳತೆಗೆ ಕತ್ತರಿಸಿ, ನಾಲ್ಕೂ ಅಂಚು ಮಡಚಿ ಹೊಲಿದು, ಪ್ಯಾಕ್ ಮಾಡಿ ಅಮೆರಿಕಕ್ಕೆ ಕಳಿಸಿತು. ಈ ಹೊದಿಕೆಯ ಮೇಲೆ ಬರಬೇಕಾದ ಹೆಸರು ಚೀನಾ. ಬಟ್ಟೆಯೂ ಒಂದೇ, ಹೊಲಿದ ಜಾಗವೂ ಒಂದೇ, ಲೇಬಲ್ ಮಾತ್ರ ಬೇರೆ. ಹೊದಿಕೆ, ದಿಂಬಿನ ಗವಸು, ಮೇಜಿನ ಬಟ್ಟೆಯಂಥವನ್ನು ಅಂಚು ಹೊಲಿಯುವುದರಿಂದ ಹೊಸ ವಸ್ತು ಹುಟ್ಟಿತು ಎಂದು ನಿಯಮ ಒಪ್ಪುವುದಿಲ್ಲ. ಅವುಗಳಿಗೆ ಬಟ್ಟೆ ನೇಯ್ದ ದೇಶವೇ ಮೂಲ. ಕಾಟನ್ ಹೊದಿಕೆಯ ಲೇಬಲ್ ನೋಡಿ ನೇಯ್ಗೆಯ ದೇಶವನ್ನು ಊಹಿಸಬಹುದು, ಶರ್ಟಿನದನ್ನು ನೋಡಿ ಊಹಿಸಲಾಗದು.

ಸ್ವೆಟರಿನದು ಮತ್ತೊಂದು ದಾರಿ. ಮುಂಭಾಗ, ಹಿಂಭಾಗ, ತೋಳುಗಳನ್ನು ಯಂತ್ರದಲ್ಲೇ ಆಕಾರಕ್ಕೆ ತಕ್ಕಂತೆ ಹೆಣೆದಿದ್ದರೆ, ಹೆಣೆದ ದೇಶವೇ ಮೂಲ. ಆ ಭಾಗಗಳನ್ನು ಬೇರೆ ದೇಶಕ್ಕೆ ಕಳಿಸಿ ಅಲ್ಲಿ ಕೂಡಿಸಿದರೂ ಹೆಸರು ಬದಲಾಗದು. ಹೊರಮೈಯ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಭಾಗ ಹೀಗೆ ಆಕಾರಕ್ಕೆ ಹೆಣೆದದ್ದಾಗಿರಬೇಕು ಎಂಬುದು ಅಳತೆ. ಹೆಣೆದ ಬಟ್ಟೆಯ ಥಾನಿನಿಂದ ಕತ್ತರಿಸಿ ಹೊಲಿದ ಟೀ ಶರ್ಟ್ ಇದರಲ್ಲಿ ಸೇರುವುದಿಲ್ಲ, ಅದು ಶರ್ಟಿನ ದಾರಿಯಲ್ಲೇ ಹೋಗುತ್ತದೆ. ಕೈಯಲ್ಲಿರುವ ಉಡುಪು ಯಾವ ಜಾತಿಯದು ಎಂದು ತಿಳಿಯಲು ಪಕ್ಕದ ಹೊಲಿಗೆಯ ಒಳಗಡೆ ನೋಡಿ. ಕತ್ತರಿಸಿದ ಅಂಚಿದ್ದು ಅದರ ಮೇಲೆ ಓವರ್‌ಲಾಕ್ ಹೊಲಿಗೆ ಓಡಿದ್ದರೆ ಥಾನಿನಿಂದ ಕತ್ತರಿಸಿದ್ದು. ಅಂಚು ತಾನಾಗಿಯೇ ಮುಗಿದು, ಕಂಕುಳ ಬಳಿ ಕುಣಿಕೆಗಳು ಒಂದೊಂದಾಗಿ ಕಡಿಮೆಯಾದ ಗುರುತು ಕಂಡರೆ ಆಕಾರಕ್ಕೆ ಹೆಣೆದದ್ದು.

ಬಣ್ಣ ಮತ್ತು ಮುದ್ರಣದ ವಿಚಾರದಲ್ಲೇ ದೇಶ ದೇಶಗಳ ನಡುವೆ ಜಗಳ ನಡೆದಿದೆ. ನೇಯ್ದು ಬಣ್ಣ ಹಾಕದ ಕೋರಾ ರೇಷ್ಮೆ ಬಟ್ಟೆಯನ್ನು ಚೀನಾದಿಂದ ತರಿಸಿ ಇಟಲಿಯಲ್ಲಿ ಬಣ್ಣ ಹಾಕಿ, ಮುದ್ರಿಸಿ ಸ್ಕಾರ್ಫ್ ಮಾಡುತ್ತಿದ್ದರು. 1996ರ ನಿಯಮದ ಪ್ರಕಾರ ಅವು ಅಮೆರಿಕದಲ್ಲಿ ‘ಮೇಡ್ ಇನ್ ಚೀನಾ’ ಆದವು. ಯುರೋಪಿನವರು 1997ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಂಡೊಯ್ದರು. 2000ದಲ್ಲಿ ಅಮೆರಿಕ ಕಾನೂನು ತಿದ್ದಿತು. ಬಣ್ಣ ಮತ್ತು ಮುದ್ರಣ ಎರಡೂ ಆಗಿ, ಜೊತೆಗೆ ಬ್ಲೀಚಿಂಗ್, ಕುಗ್ಗಿಸುವಿಕೆಯಂಥ ಪಟ್ಟಿ ಮಾಡಿದ ಫಿನಿಶಿಂಗ್ ಕೆಲಸಗಳಲ್ಲಿ ಕನಿಷ್ಠ ಎರಡು ನಡೆದಿದ್ದರೆ, ರೇಷ್ಮೆ ಸ್ಕಾರ್ಫಿನ ಮೂಲ ಆ ಕೆಲಸ ನಡೆದ ದೇಶಕ್ಕೆ ಹೋಗುತ್ತದೆ. ಆದರೆ ಕಾಟನ್ ಹೊದಿಕೆ, ಕಾಟನ್ ಸ್ಕಾರ್ಫಿಗೆ ಈ ರಿಯಾಯಿತಿ ಸಿಗಲಿಲ್ಲ. ನಾರಿನ ಜಾತಿ ನೋಡಿ ಮೂಲ ನಿರ್ಧರಿಸುವುದು ತರ್ಕಕ್ಕಿಂತ ಚೌಕಾಸಿಯ ಫಲ ಎಂದೇ ನನ್ನ ಅನಿಸಿಕೆ. ನಿಯಮ ಹಾಗಿದೆ, ಹಾಗೆಯೇ ಓದಿಕೊಳ್ಳಬೇಕು.

ಹಾಗಿದ್ದರೆ ಬಟ್ಟೆ ಎಲ್ಲಿಯದು ಎಂದು ತಿಳಿಯುವುದು ಹೇಗೆ? ಹಿಂದೆ ಇದು ಕುತೂಹಲದ ಪ್ರಶ್ನೆಯಾಗಿತ್ತು, ಈಗ ಸರಕು ಬಂದರಿನಲ್ಲಿ ಬಿಡುಗಡೆಯಾಗುತ್ತದೋ ಇಲ್ಲವೋ ಎಂಬ ಪ್ರಶ್ನೆ. ಚೀನಾದ ಷಿನ್‌ಜಿಯಾಂಗ್ ಪ್ರಾಂತ್ಯದ ಹತ್ತಿಯಿಂದಾದ ಸರಕನ್ನು ತಡೆಯುವ ಅಮೆರಿಕದ ಕಾನೂನು 2022ರ ಜೂನ್ 21ರಿಂದ ಜಾರಿಯಲ್ಲಿದೆ. ಅದು ಲೇಬಲ್ ನೋಡುವುದಿಲ್ಲ, ಹತ್ತಿಯ ತನಕ ಹಿಂದಕ್ಕೆ ಹೋಗಿ ದಾಖಲೆ ಕೇಳುತ್ತದೆ. ‘ಮೇಡ್ ಇನ್ ಬಾಂಗ್ಲಾದೇಶ’ ಶರ್ಟೂ ಅಲ್ಲಿ ಸಿಕ್ಕಿಬೀಳಬಹುದು. ಸುಂಕ ವಿನಾಯಿತಿಯ ಒಪ್ಪಂದಗಳದೂ ಬೇರೆಯೇ ಲೆಕ್ಕ. ಅವುಗಳಲ್ಲಿ ಹಲವು ನೂಲಿನಿಂದ ಮುಂದಿನ ಎಲ್ಲ ಹಂತವೂ ಒಪ್ಪಂದದ ದೇಶಗಳೊಳಗೇ ನಡೆದಿರಬೇಕು ಎನ್ನುತ್ತವೆ. ಆದ್ದರಿಂದ ಲೇಬಲ್ ಸರಿಯಿದ್ದೂ ವಿನಾಯಿತಿ ಸಿಗದೆ ಹೋಗಬಹುದು.

ಬಟ್ಟೆಯ ಮೂಲ ಹುಡುಕುವಾಗ ಮೊದಲು ಸಿಗುವ ಕಾಗದ ಬಟ್ಟೆಯ ಇನ್‌ವಾಯ್ಸ್. ಅದರಲ್ಲಿರುವುದು ಬಹಳ ಸಲ ವ್ಯಾಪಾರಿಯ ವಿಳಾಸ, ಮಗ್ಗವಿರುವ ಜಾಗವಲ್ಲ. ಹಾಂಕಾಂಗಿನ ವ್ಯಾಪಾರಿ ಮಾರಿದ ಬಟ್ಟೆಯನ್ನು ಹಾಂಕಾಂಗಿನಲ್ಲೇ ನೇಯ್ದಿರಬೇಕೆಂದೇನಿಲ್ಲ. ಕೇಳಬೇಕಾದದ್ದು ನೇಯ್ಗೆ ಗಿರಣಿಯ ಉತ್ಪಾದನಾ ದಾಖಲೆ, ಥಾನುಗಳ ಪಟ್ಟಿ ಮತ್ತು ಲಾಟ್ ನಂಬರ್, ಅದೇ ಗಿರಣಿ ನೂಲು ಕೊಂಡ ಬಿಲ್ಲು. ಥಾನಿನ ಲಾಟ್ ನಂಬರ್, ಕತ್ತರಿಸಲು ಯಾವ ಥಾನು ಹಾಸಿದರೆಂದು ಕಟಿಂಗ್ ವಿಭಾಗ ಬರೆದಿಡುವ ಲೇ ರಿಪೋರ್ಟಿನಲ್ಲೂ ಕಾಣಿಸಬೇಕು. ಕಾಣಿಸದಿದ್ದರೆ ಕಾಗದದ ಬಟ್ಟೆ ಒಂದು, ಶರ್ಟಿಗೆ ಹೋದ ಬಟ್ಟೆ ಇನ್ನೊಂದು ಎಂದು ಅನುಮಾನಿಸಬೇಕು.

ಕಾಗದಗಳು ನಿಜವೇ ಎಂದು ತಿಳಿಯಲು ತೂಕದ ಲೆಕ್ಕದಷ್ಟು ಸುಲಭದ ಪರೀಕ್ಷೆ ಬೇರೆ ಕಾಣೆ. ನಮ್ಮ ಆರ್ಡರನ್ನೇ ತೆಗೆದುಕೊಳ್ಳಿ. ಒಂದೂವರೆ ಮೀಟರ್ ಅಗಲದ ಬಟ್ಟೆಯಲ್ಲಿ ಒಂದು ಶರ್ಟಿಗೆ ಸುಮಾರು 1.6 ಮೀಟರ್ ಎಂದಿಟ್ಟರೆ ಹತ್ತು ಸಾವಿರಕ್ಕೆ 16,000 ಮೀಟರ್. ಥಾನಿನ ತುದಿ, ದೋಷದ ಭಾಗಗಳಿಗೆಂದು ಸ್ವಲ್ಪ ಸೇರಿಸಿ 16,600 ಎನ್ನೋಣ. ಚದರ ಮೀಟರಿಗೆ 120 ಗ್ರಾಂ ತೂಗುವ ಬಟ್ಟೆಯಾದರೆ ಒಂದು ಮೀಟರ್ ಉದ್ದಕ್ಕೆ 180 ಗ್ರಾಂ, ಒಟ್ಟು ಹತ್ತಿರಹತ್ತಿರ 3,000 ಕಿಲೋ. ನೇಯ್ಗೆಯಲ್ಲೂ ನಷ್ಟವಿರುತ್ತದೆ, ಹಾಗಾಗಿ ನೂಲು ಇದಕ್ಕಿಂತ ಹೆಚ್ಚೇ ಬೇಕು. ಈ ಆರ್ಡರಿಗೆಂದು ತೋರಿಸಿದ ಇಂಡೋನೇಷ್ಯಾದ ನೂಲಿನ ಬಿಲ್ಲು 1,200 ಕಿಲೋಗೆ ಮಾತ್ರ ಇದ್ದರೆ ಉಳಿದ ನೂಲು ಬೇರೆ ಎಲ್ಲಿಂದಲೋ ಬಂದಿದೆ. ತಾಳೆ ನೋಡುವಾಗ ಕೋರಾ ಬಟ್ಟೆಯ ತೂಕವನ್ನು ಬಳಸಬೇಡಿ. ಹಾಸಿನ ನೂಲಿಗೆ ಹಾಕಿದ ಗಂಜಿಯ ತೂಕವೂ ಅದರಲ್ಲಿ ಸೇರಿರುತ್ತದೆ.

ನೂಲಿನಿಂದ ಹಿಂದಕ್ಕೆ, ಹತ್ತಿಗೆ ಹೋದಾಗ ಒಂದೇ ದೇಶದ ಹೆಸರು ಸಿಗುತ್ತದೆಂದು ನಿರೀಕ್ಷಿಸಬೇಡಿ. ನೂಲು ಒಂದೇ ಗುಣದಲ್ಲಿ ಬರಲಿ ಎಂದು ಗಿರಣಿಗಳು ಹಲವು ಮೂಲದ ಬೇಲ್‌ಗಳನ್ನು ಸಾಲಾಗಿ ಇಟ್ಟು, ಪ್ರತಿಯೊಂದರಿಂದಲೂ ಸ್ವಲ್ಪ ಸ್ವಲ್ಪ ಕಿತ್ತು ಬೆರೆಸುತ್ತವೆ. ಆದ್ದರಿಂದ ಗಿರಣಿಯಿಂದ ಆ ಲಾಟಿಗೆ ಇಟ್ಟ ಬೇಲ್‌ಗಳ ಪಟ್ಟಿಯನ್ನೇ ತರಿಸಿಕೊಂಡು, ಫಾರ್ಮಿನ ಹತ್ತಿಯ ಕಾಲಂನಲ್ಲಿ ಅದರಲ್ಲಿರುವ ಅಷ್ಟೂ ದೇಶಗಳನ್ನು ಬರೆಯಿರಿ.