ಏರಿ ಮಾದರಿ, ಮೂರನೆಯ ವಾರ: ಬುಡಕ್ಕೆ ಬಸಿಗಾಲುವೆ

ಮಂಡ್ಯದ ನಮ್ಮ ಮನೆಯ ಹಿತ್ತಲಲ್ಲಿ, ನಾಲ್ಕಡಿ ಉದ್ದದ ಹಳೆಯ ಮೀನಿನ ತೊಟ್ಟಿಯೊಳಗೆ ಕಟ್ಟಿದ್ದ ಮಣ್ಣಿನ ಏರಿ ಕಳೆದ ವಾರ ಕುಸಿಯಿತು. ನೀರು ಏರಿಯ ಮೇಲೆ ಹರಿದಿರಲಿಲ್ಲ. ಕನ್ನಂಬಾಡಿಯದು ಕಲ್ಲಿನ ಕಟ್ಟೆ. ನನ್ನದು ನಮ್ಮ ಸುತ್ತಲಿನ ಕೆರೆಗಳ ಏರಿಯಂತೆ ಬರೀ ಮಣ್ಣಿನದು, ಅದರಲ್ಲೂ ಮರಳಿನ ಅಂಶ ಹೆಚ್ಚಿರುವುದು.

ಏರಿಯ ಎತ್ತರ 30 ಸೆಂ.ಮೀ., ಬುಡದ ಅಗಲ 100 ಸೆಂ.ಮೀ., ನಿಂತ ನೀರು 24 ಸೆಂ.ಮೀ. ಒಳಗೆ ಜಿನುಗುವ ನೀರಿನ ಮೇಲ್ಗೆರೆ ಹೊರ ಇಳಿಜಾರನ್ನು ಬುಡದಿಂದ ಸುಮಾರು 6 ಸೆಂ.ಮೀ. ಎತ್ತರದಲ್ಲಿ ಮುಟ್ಟಬೇಕೆಂದು ಲೆಕ್ಕ ಹೇಳಿತ್ತು, ಕುಸಿತವೂ ಅಲ್ಲಿಂದಲೇ ಆರಂಭವಾಯಿತು. ನೀರು ಹೊರಬರುವ ಆ ಪಟ್ಟಿಯಲ್ಲಿ ಮಣ್ಣಿನ ಕಣಗಳು ನೀರಿನ ಒತ್ತಡದಿಂದ ಪರಸ್ಪರ ಹಿಡಿತ ಕಳೆದುಕೊಂಡು ಜಾರುತ್ತವೆ. ಜಾರಿದ ಜಾಗದಲ್ಲಿ ನೀರಿನ ದಾರಿ ಇನ್ನಷ್ಟು ಗಿಡ್ಡವಾಗುವುದರಿಂದ ಹರಿವು ಬಿರುಸಾಗಿ, ಕೊರೆತ ಹಿಂದಕ್ಕೆ, ಕೆರೆಯ ಕಡೆಗೇ ಸಾಗುತ್ತದೆ.

ಏರಿಯನ್ನು ಮತ್ತೆ ಕಟ್ಟಿ, ಹೊರಬುಡದ ಕೊನೆಯ 20 ಸೆಂ.ಮೀ. ಅಗಲಕ್ಕೆ ಬೇಬಿ ಜಲ್ಲಿಯ ಬಸಿಗಾಲುವೆ ಹಾಕಿದೆ. ಜಲ್ಲಿಯನ್ನು ನೇರವಾಗಿ ಮಣ್ಣಿಗೆ ತಾಗಿಸಿದ್ದು ನನ್ನ ತಪ್ಪು. ಇಳಿಜಾರು ಒಣಗಿಯೇ ಇತ್ತು, ಆದರೆ ಬಸಿಗಾಲುವೆಯ ನೀರನ್ನು ಹೊರಬಿಡುವ ಕೊಳವೆಯಿಂದ ಕೆಂಪು ನೀರು ಬಂದು, ಸಂಜೆಯ ಹೊತ್ತಿಗೆ ಜಲ್ಲಿಯ ಮೇಲೆ ಹಿಡಿಗಾತ್ರದ ಪೊಟರೆ ಬಿದ್ದಿತ್ತು. ಶೋಧಕದ, ಅಂದರೆ ಮಣ್ಣನ್ನು ತಡೆದು ನೀರನ್ನಷ್ಟೇ ಬಿಡುವ ಪದರದ, ಕಣಗಳಲ್ಲಿ ತೂಕದ ಶೇ. 15ರಷ್ಟು ಯಾವ ಗಾತ್ರಕ್ಕಿಂತ ಸಣ್ಣವಾಗಿರುತ್ತವೆಯೋ ಆ ಗಾತ್ರವು, ಮಣ್ಣಿನ ಶೇ. 85ರಷ್ಟು ಯಾವುದಕ್ಕಿಂತ ಸಣ್ಣದೋ ಆ ಗಾತ್ರದ ನಾಲ್ಕೈದು ಪಟ್ಟನ್ನು ಮೀರಬಾರದು ಎಂಬುದು ಮಣ್ಣಿನ ಎಂಜಿನಿಯರ್ ಟೆರ್ಜಾಗಿಯ ನಿಯಮ. ಜರಡಿ ಹಿಡಿದು ನೋಡಿದರೆ ನನ್ನ ಜಲ್ಲಿಯದು 7 ಮಿ.ಮೀ., ಮಣ್ಣಿನದು 0.5 ಮಿ.ಮೀ.; ಅಂದರೆ ಹದಿನಾಲ್ಕು ಪಟ್ಟು! ಮಣ್ಣಿಗೂ ಜಲ್ಲಿಗೂ ನಡುವೆ 1ರಿಂದ 4 ಮಿ.ಮೀ.ನ ತೊಳೆದ ದಪ್ಪ ಮರಳನ್ನು ಹಾಸಿದ ಮೇಲೆ ಅದು ಸುಮಾರು ಎರಡೂವರೆ ಪಟ್ಟಿಗೆ ಇಳಿಯಿತು. ಮರಳು ಜಲ್ಲಿಯ ಸಂದಿಗೆ ನುಗ್ಗುವಷ್ಟು ಸಣ್ಣದೂ ಅಲ್ಲ.

ಬಸಿಗಾಲುವೆಯ ಒಳಅಂಚಿನ ನೇರದಲ್ಲಿ ಮೇಲ್ಗೆರೆ ಈಗ 5 ಸೆಂ.ಮೀ. ಎತ್ತರದಲ್ಲಿರಬೇಕು, ಗಾಜಿಗೆ ಅಂಟಿಸಿದ ಸಣ್ಣ ಕೊಳವೆಯಲ್ಲಿ 5.5 ಸಿಕ್ಕಿತು. ಒದ್ದೆಯ ಬಣ್ಣವನ್ನು ನಂಬಿದ್ದರೆ ಮೋಸಹೋಗುತ್ತಿದ್ದೆ, ಏಕೆಂದರೆ ಮಣ್ಣು ಬತ್ತಿಯಂತೆ ನೀರನ್ನು ಆ ಗೆರೆಗಿಂತ ಮೇಲಕ್ಕೂ ಹೀರಿಕೊಳ್ಳುತ್ತದೆ.

ಬಸಿಗಾಲುವೆ ಸೋರಿಕೆಯನ್ನು ತಗ್ಗಿಸುವುದಿಲ್ಲ, ಹೆಚ್ಚಿಸುತ್ತದೆ. ಕುಸಿಯುವ ಮುನ್ನ ಒಂದು ಲೀಟರ್ ಜಿನುಗಲು 15 ನಿಮಿಷ ಹಿಡಿಯುತ್ತಿತ್ತು, ಈಗ 12 ಸಾಕು. ನೀರಿನ ದಾರಿ ಗಿಡ್ಡವಾಗಿರುವುದರಿಂದ ಇದು ಸಹಜವೇ. ನೀರು ಮಣ್ಣನ್ನು ಬಿಟ್ಟು ಬರುತ್ತಿದೆಯೇ ಎಂಬುದನ್ನಷ್ಟೇ ನೋಡಬೇಕಾದ್ದರಿಂದ, ಬಸಿಗಾಲುವೆಯ ಕೊಳವೆಯ ಕೆಳಗೆ ಬಿಳಿ ಬಟ್ಟಲಿಟ್ಟಿದ್ದೇನೆ. ಮೊದಲ ದಿನ ತಳದಲ್ಲಿ ತುಸು ಕೆಂಪು ಕೂತಿತ್ತು. ನಿನ್ನೆ, ಇವತ್ತು ಏನೂ ಇಲ್ಲ.