100ಕ್ಕಿಂತ 92 ಜಾಸ್ತಿಯಾ?

ಅಕ್ಕನ ಮಗಳು ಪೈಥಾನ್ ಕಲಿಯುತ್ತಿದ್ದಾಳೆ. ಎರಡು ಅಂಕಗಳಲ್ಲಿ ಯಾವುದು ಜಾಸ್ತಿ ಎಂದು ಹೇಳುವ ಸ್ಕ್ರಿಪ್ಟ್ ಬರೆದಿದ್ದಳು. 85, 92 ಕೊಟ್ಟಾಗ ಉತ್ತರ ಸರಿಯಿತ್ತು. 100, 92 ಕೊಟ್ಟರೆ 92 ಜಾಸ್ತಿ ಎಂದಿತು. "ಮಾಮ, ಹೀಗ್ಯಾಕೆ?" ಎಂದಳು.

ನಾವು ಅಂಕಿಯನ್ನೇ ಟೈಪ್ ಮಾಡಿದರೂ `input()` ಅದನ್ನು ಪಠ್ಯವಾಗಿಯೇ ಕೊಡುತ್ತದೆ. ಪಠ್ಯದ ಹೋಲಿಕೆ ನಿಘಂಟಿನ ಹಾಗೆ, ಎಡಗಡೆಯ ಮೊದಲ ಅಕ್ಷರದಿಂದ ಶುರು. '1'ಕ್ಕಿಂತ '9' ದೊಡ್ಡದು, ಅಲ್ಲಿಗೇ ತೀರ್ಮಾನ. ಹಿಂದಿರುವ ಸೊನ್ನೆಗಳನ್ನು ನೋಡುವುದೇ ಇಲ್ಲ.

```python
a = int(input())
b = int(input())
```

`int()` ಆ ಪಠ್ಯವನ್ನು ಸಂಖ್ಯೆಯಾಗಿ ಮಾಡುತ್ತದೆ, ಇಷ್ಟು ಬದಲಿಸಿದರೆ ಸರಿಹೋಯಿತು. ಎರಡೂ ಎರಡಂಕಿಯ ಸಂಖ್ಯೆಗಳಾದರೆ ಪಠ್ಯವಾಗಿದ್ದರೂ ಉತ್ತರ ಸರಿಯೇ ಬರುತ್ತದೆ, ಎರರ್ ಕೂಡ ಇಲ್ಲ. ಸರಿ ಉತ್ತರದ ಹಿಂದೆಯೂ ತಪ್ಪು ಇಷ್ಟು ದಿನ ಸುಮ್ನೆ ಕೂತಿರಬಹುದು, ಅಲ್ವಾ? ಈಗ ಅವಳು ಮೊದಲು 9, 10 ಕೊಟ್ಟು ನೋಡುತ್ತಾಳೆ.