ಅಭ್ಯಾಸ ಆಗಿಲ್ಲ ದೊಡ್ಡಮ್ಮ

“ದಿನಾ ಸುಟ್ಟವರನ್ನ ನೋಡಿ ನೋಡಿ ನಿಂಗೆ ಅಭ್ಯಾಸ ಆಗ್ಬಿಟ್ಟಿರುತ್ತೆ ಅಲ್ವೇನಮ್ಮ?”

ಇಲ್ಲ.

ಇಷ್ಟಕ್ಕೆ ಯಾರೂ ಬಿಡುವುದಿಲ್ಲ. ನಾನು ಒಂದು ಸರ್ಕಾರಿ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿ ನರ್ಸ್. ಮದುವೆಮನೆ ಪಂಕ್ತಿಯಲ್ಲಿ ಸರಿಯಾಗಿ ಹೋಳಿಗೆಗೆ ತುಪ್ಪ ಬೀಳುವ ಹೊತ್ತಿಗೆ ಪಕ್ಕದ ಎಲೆಯಿಂದ ಈ ಪ್ರಶ್ನೆ ಬರುತ್ತದೆ. ಉತ್ತರವನ್ನೂ ಅವರೇ ಹೇಳುತ್ತಾರೆ. “ಆಗ್ಲೇಬೇಕು ಬಿಡು, ಇಲ್ಲಾಂದ್ರೆ ಊಟ ಹೇಗೆ ಸೇರುತ್ತೆ?” ಊಟ ಚೆನ್ನಾಗಿಯೇ ಸೇರುತ್ತದೆ ದೊಡ್ಡಮ್ಮ. ಇಡೀ ಪಾಳಿ ನಿಂತು ಕೆಲಸ ಮಾಡಿದವರಿಗೆ ಹಸಿವಾಗುತ್ತದೆ. ಅದಕ್ಕೂ ಕಲ್ಲುಮನಸ್ಸಿಗೂ ಏನು ಸಂಬಂಧ?

ವಾಸನೆ ಅಭ್ಯಾಸವಾಗಿದೆ, ಒಪ್ಪಿಕೊಳ್ಳುತ್ತೇನೆ. ಅಭ್ಯಾಸ ಆಗದೇ ಇರುವುದು ನೈಟಿ. ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಅಡುಗೆಮನೆ ಕಡೆ ಹೋಗುತ್ತದೆ. ಒಲೆ ಮುಂದೆ ನಿಂತವರು ನೈಲಾನ್ ನೈಟಿ ಹಾಕಿದ್ದರೆ ನನಗೆ ಮಾತೇ ಓಡುವುದಿಲ್ಲ. ಹತ್ತಿ ಬಟ್ಟೆ ಉರಿಯುತ್ತದೆ, ನೈಲಾನು ಕರಗಿ ಮೈಗೆ ಅಂಟಿಕೊಳ್ಳುತ್ತದೆ. ನಮ್ಮ ನೆಂಟರಲ್ಲಿ ನನಗೆ ‘ನೈಟಿ ಪೊಲೀಸ್’ ಅಂತ ಹೆಸರು. ನಗಲಿ ಬಿಡಿ. ಆದರೆ ಇದು ಬರೀ ಎಚ್ಚರಿಕೆ ಅಲ್ಲ. ಬೇರೆಯವರ ನೋವಿನ ನಡುವೆ ಇದ್ದೂ ಇದ್ದೂ, ನಮಗೇ ಅಪಘಾತವಾದ ಹಾಗೆ ಮೈಮನಸ್ಸು ಬೆಚ್ಚುತ್ತಿರುವುದಕ್ಕೆ ಸೆಕೆಂಡರಿ ಟ್ರಾಮಾ ಅನ್ನುತ್ತಾರೆ. ಕೆಲಸದ ಹೊರೆಗೆ ಬರುವ ಸುಸ್ತು ಬೇರೆ. ಅದು ರಜೆ ಹಾಕಿದರೆ ಒಂದಿಷ್ಟಾದರೂ ಇಳಿಯುತ್ತದೆ. ಇದು ರಜೆಯಲ್ಲೂ ಜೊತೆಗೇ ಬರುತ್ತದೆ.

ಒಮ್ಮೆ ತರಬೇತಿಯಲ್ಲಿ ಪ್ರೋಕ್ವಾಲ್ ಅನ್ನುವ ಪ್ರಶ್ನಾವಳಿ ತುಂಬಿಸಿದರು. 30 ಪ್ರಶ್ನೆ, ಕಳೆದ 30 ದಿನ ಹೇಗಿತ್ತು ಅಂತ 1ರಿಂದ 5ರೊಳಗೆ ಗುರುತು ಹಾಕಬೇಕು. ಕೆಲಸದಲ್ಲಿ ಸಿಗುವ ತೃಪ್ತಿ, ಸುಸ್ತು, ಈ ಸೆಕೆಂಡರಿ ಟ್ರಾಮಾ, ಮೂರಕ್ಕೂ ಬೇರೆ ಬೇರೆ ಲೆಕ್ಕ. ನನಗೆ ತೃಪ್ತಿಯೂ ಜಾಸ್ತಿ ಬಂತು, ಟ್ರಾಮಾವೂ ಜಾಸ್ತಿ ಬಂತು. ಎರಡೂ ಒಟ್ಟಿಗೆ ಇರಬಹುದು. “ಅಷ್ಟು ಕಷ್ಟ ಆದ್ರೆ ಬಿಟ್ಬಿಡಮ್ಮ” ಅನ್ನುವವರಿಗೆ ಇದು ಅರ್ಥವಾಗುವುದಿಲ್ಲ.

ಹೋಳಿಗೆ ಮುಗಿಯುವುದರೊಳಗೆ ಹೇಳಲಾಗದ ಒಂದು ಕಥೆ ಇದೆ. ಇಲ್ಲಾದರೂ ಹೇಳುತ್ತೇನೆ. ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ.

ಒಬ್ಬ ಹುಡುಗಿ ಬಂದಳು, ಚಿಕ್ಕ ಮಗುವಿನ ತಾಯಿ. ಎದೆ ಹೊಟ್ಟೆ ಸೇರಿ 18, ಎರಡು ಕೈಗೆ 18, ಎರಡೂ ಕಾಲಿನ ಮುಂಭಾಗಕ್ಕೆ 18. ಒಟ್ಟು ಮೈಯ ಶೇಕಡಾ 54 ಸುಟ್ಟಿತ್ತು. ಮೊದಲ ದಿನ ಯಾರಿಗೂ ದುಃಖಪಡಲು ಪುರುಸೊತ್ತಿರುವುದಿಲ್ಲ. ತೂಕವನ್ನು ಸುಟ್ಟ ಶೇಕಡಾ ಪ್ರಮಾಣದಿಂದ, ಬಂದದ್ದನ್ನು ನಾಲ್ಕರಿಂದ ಗುಣಿಸಿದರೆ ಮೊದಲ 24 ಗಂಟೆಗೆ ಇಷ್ಟು ಮಿಲಿಲೀಟರ್ ಡ್ರಿಪ್ಸ್ ಅಂತ ಲೆಕ್ಕ. 50 ಕೆಜಿ ಮೈಗೆ ಹತ್ತು ಲೀಟರಿಗೂ ಮೇಲೆ, ಅದರಲ್ಲಿ ಅರ್ಧದಷ್ಟು, ಸುಟ್ಟಾಗಿನಿಂದ ಮೊದಲ ಎಂಟು ಗಂಟೆಯಲ್ಲೇ ಹೋಗಬೇಕು. ಬಾಟಲಿ ಬದಲಿಸು, ಮೂತ್ರ ಅಳೆ, ಬರೆ. ಕೈ ತುಂಬ ಕೆಲಸ ಇದ್ದಾಗ ಮನಸ್ಸು ಎಷ್ಟೋ ಗಟ್ಟಿ.

ಅವಳು ಮಾತಾಡುತ್ತಲೇ ಇದ್ದಳು. ಆಳವಾಗಿ ಸುಟ್ಟ ಕಡೆ ನರವೇ ಸತ್ತಿರುತ್ತದೆ, ಅಲ್ಲಿ ನೋವು ಅಷ್ಟು ಗೊತ್ತಾಗುವುದಿಲ್ಲ. ಮನೆಯವರು “ಪರವಾಗಿಲ್ಲ, ಚೆನ್ನಾಗೇ ಮಾತಾಡ್ತಾಳೆ” ಅಂತ ನೆಮ್ಮದಿಯಾಗಿದ್ದರು. ಅರ್ಧ ಮೈ ಸುಟ್ಟವರನ್ನು ಸೋಂಕು ಹಿಡಿಯುವುದು ಕೆಲವು ದಿನ ಕಳೆದ ಮೇಲೆ. ವೈದ್ಯರು ಅದನ್ನೂ ಹೇಳಿದ್ದರು, ಅವರ ಕಿವಿಗೆ ಬಿದ್ದಿರಲಿಲ್ಲ. “ಸಿಸ್ಟರ್, ಮಗು ಸ್ಕೂಲ್ ಶುರುವಾಗೋದ್ರೊಳಗೆ ಮನೆಗೆ ಕಳಿಸ್ತೀರಾ?” ಅಂತ ಅವಳು ಕೇಳುತ್ತಿದ್ದಳು.

ತಹಶೀಲ್ದಾರರು ಬಂದು ಹೇಳಿಕೆ ಪಡೆದರು. ಹೇಳುವ ಸ್ಥಿತಿಯಲ್ಲಿದ್ದಾಳೆ ಅಂತ ವೈದ್ಯರು ಬರೆದುಕೊಟ್ಟರು. ಸ್ಟೌವ್ ಸಿಡಿಯಿತು ಅಂದಳು. ರಾತ್ರಿ ಪಾಳಿಯಲ್ಲಿ ನನ್ನ ಹತ್ತಿರ ಬೇರೆಯೇ ಹೇಳಿದಳು. ನಾನು ಡ್ಯೂಟಿ ಡಾಕ್ಟರಿಗೆ ತಿಳಿಸಿದೆ, ನೋಟ್ಸಿನಲ್ಲಿ ಬರೆದೆ. ಬೆಳಿಗ್ಗೆ ಮತ್ತೆ ಕೇಳಿದಾಗ ಸ್ಟೌವ್ ಅಂತಲೇ ಅಂದಳು. ಗಂಡ ಬಾಗಿಲ ಹೊರಗಿದ್ದ, ಮಗು ಅವನ ತೋಳಲ್ಲಿತ್ತು.

ಆಮೇಲೆ ಡ್ರೆಸಿಂಗ್. ಮೇಲುಮೇಲೆ ಸುಟ್ಟ ಕಡೆ, ಅಂಚಿನಲ್ಲಿ, ನರ ಜೀವಂತ ಇರುತ್ತದೆ. ಅಂಟಿಕೊಂಡ ಹಳೇ ಬಟ್ಟೆಯನ್ನು ಸಲೈನ್ ಹಾಕಿ ನೆನೆಸಿ ಬಿಡಿಸಬೇಕು, ಸತ್ತ ಚರ್ಮ ತೆಗೆಯಬೇಕು, ಬಿಳಿ ಸಿಲ್ವರ್ ಮುಲಾಮು ಹಚ್ಚಿ ಮತ್ತೆ ಸುತ್ತಬೇಕು. ಗಂಟೆ ಮೀರುತ್ತದೆ. ಸೊಂಟಕ್ಕೆ ಹಾಕುವ ನೋವಿನ ಇಂಜೆಕ್ಷನ್ನು ಅರ್ಧ ಗಂಟೆ ಮುಂಚೆ ಬಿದ್ದಿದ್ದರೆ ಹೇಗೋ ನಡೆಯುತ್ತದೆ. ರೌಂಡ್ಸ್ ತಡವಾಯಿತು, ಆರ್ಡರ್ ಬರೆದಿಲ್ಲ, ಬೀಗದ ಕಪಾಟಿನ ಕೀ ಯಾರ ಹತ್ತಿರವೋ ಇದೆ ಅಂದರೆ ಇಂಜೆಕ್ಷನ್ ಹಾಕಿ ಐದೇ ನಿಮಿಷಕ್ಕೆ ಬಟ್ಟೆ ಎಳೆಯುವ ಪರಿಸ್ಥಿತಿ. “ಅಕ್ಕಾ ಸಾಕು” ಅನ್ನುತ್ತಾಳೆ. ಎಳೆಯುತ್ತಿರುವ ಕೈ ನನ್ನದು.

ನೀವು ಕೇಳುವ ಪ್ರಶ್ನೆಯಲ್ಲಿ ನಾನು ಸುಮ್ನೆ ನಿಂತು ನೋಡುವವಳು. ನನ್ನನ್ನು ಸುಸ್ತು ಮಾಡುವುದು ನೋಡುವುದಲ್ಲ. ಗೊತ್ತಿದ್ದೂ ಏನೂ ಮಾಡಲಾಗದೆ ನಿಲ್ಲುವುದು, ಕಡಿಮೆ ಮಾಡಬಹುದಾದ ನೋವನ್ನು ನಾನೇ ಕೊಡಬೇಕಾಗಿ ಬರುವುದು. ನರ್ಸ್‌ಗಳ ಈ ಸ್ಥಿತಿಗೆ ಕಂಪ್ಯಾಷನ್ ಫಟೀಗ್, ಅಂದರೆ ಕರುಣೆಯ ದಣಿವು, ಅಂತ ಕಾರ್ಲಾ ಜಾಯ್ನ್‌ಸನ್ ಅನ್ನುವವರು 1992ರಲ್ಲಿ ಬರೆದರು. ಆಮೇಲೆ ಟಾನಿಯಾ ಸಿಂಗರ್, ಓಲ್ಗಾ ಕ್ಲಿಮೆಕಿ ಅನ್ನುವ ಸಂಶೋಧಕಿಯರು ದಣಿಸುವುದು ಕರುಣೆ ಅಲ್ಲವೇ ಅಲ್ಲ, ನೋವಿನಲ್ಲಿರುವವರ ಸಂಕಟವನ್ನು ನಮ್ಮದೇ ಎಂಬಂತೆ ಅನುಭವಿಸುವುದು ಅಂದರು. ಕಷ್ಟದಲ್ಲಿರುವವರ ವಿಡಿಯೊ ತೋರಿಸಿ ಪರೀಕ್ಷಿಸಿದಾಗ, ಅವರ ನೋವನ್ನು ತಮ್ಮದಾಗಿಸಿಕೊಳ್ಳಲು ತರಬೇತಿ ಪಡೆದವರು ಕುಗ್ಗಿದರು. ಅವರಿಗೆ ಒಳ್ಳೆಯದಾಗಲಿ ಎಂಬ ಭಾವ ಬೆಳೆಸಿಕೊಳ್ಳಲು ಕಲಿತ ಮೇಲೆ ಚೇತರಿಸಿಕೊಂಡರು. ಅದು ಲ್ಯಾಬು. ಒಳ್ಳೆಯದಾಗಲಿ ಅಂತ ನಾನು ಎಷ್ಟು ಬಯಸಿದರೂ ಕಪಾಟಿನ ಬೀಗ ತೆರೆಯುವುದಿಲ್ಲ.

ಹಾಗಾಗಿ ಕೇಳುವುದಾದರೆ “ಡ್ರೆಸಿಂಗ್‌ಗೆ ಮುಂಚೆ ನೋವಿಗೆ ಏನು ಕೊಡ್ತೀರಿ? ಯಾವಾಗ ಕೊಡ್ತೀರಿ?” ಅಂತ ಕೇಳಿ. ಒಬ್ಬಳು ಟ್ರೇನಿ ಹುಡುಗಿ ಬಿಟ್ಟರೆ ಇದನ್ನು ಯಾರೂ ಕೇಳಿಲ್ಲ. ಅವಳು ಕೇಳಿದ್ದು ವಾರ್ಡಿನ ಮೇಡಮ್ ಎದುರಿಗೇ.

ನಮ್ಮಲ್ಲಿ ಈಗ ಡ್ರೆಸಿಂಗಿನ ಸಮಯ ಬೋರ್ಡಿನ ಮೇಲೆ ಬರೆದಿರುತ್ತದೆ, ಹಿಂದಿನ ಸಂಜೆಯೇ ಇಂಜೆಕ್ಷನ್ ಆರ್ಡರ್ ಆಗುತ್ತದೆ. ದೊಡ್ಡ ಗಾಯಕ್ಕೆ ಒಬ್ಬರೇ ಹೋಗುವುದಿಲ್ಲ. ಒಂದೇ ಬೆಡ್ಡಿನ ಡ್ರೆಸಿಂಗ್ ದಿನಾ ಒಬ್ಬರಿಗೇ ಬೀಳುವುದಿಲ್ಲ. ಯಾರಾದರೂ ಮುಖ ನೋಡದೆ ಬರೀ ಬ್ಯಾಂಡೇಜ್ ಜೊತೆ ಮಾತಾಡತೊಡಗಿದರೆ, ಹೆಸರಿನ ಬದಲು ಬೆಡ್ ನಂಬರ್ ಹೇಳಿ ರೇಗಿದರೆ, ಬಯ್ಯದೆ ಒಂದು ವಾರ ಬೇರೆ ಕೆಲಸಕ್ಕೆ ಹಾಕುತ್ತೇವೆ. ನೀವು ಅಭ್ಯಾಸ ಅನ್ನುವುದು ಬಹುಶಃ ಈ ಸ್ಥಿತಿಗೇ. ನಮ್ಮ ಲೆಕ್ಕದಲ್ಲಿ ಅದು ಕಾಯಿಲೆಯ ಲಕ್ಷಣ.

ಇದೆಲ್ಲ ಹಗಲಿನ ಮಾತು. ರಾತ್ರಿ ಒಬ್ಬಳೇ ಸಿಸ್ಟರ್, ಬದಲಿಗೆ ಯಾರೂ ಇಲ್ಲ. ಆ ಹುಡುಗಿಯಂಥವರು ಬಾಯಿ ಬಿಡುವುದೂ ರಾತ್ರಿಯೇ. ಕೌನ್ಸೆಲರ್ ಡ್ಯೂಟಿ ಸಂಜೆಗೇ ಮುಗಿದಿರುತ್ತದೆ. ರಾತ್ರಿಗೆ ಇನ್ನೊಬ್ಬರನ್ನು ಕೊಡಿ ಅಂತ ಅರ್ಜಿ ಹಾಕಿದ್ದೇವೆ. ಮುಂದಿನ ಮದುವೆಯಲ್ಲಿ ಅದು ಏನಾಯಿತು ಅಂತ ಕೇಳಿ, ಹೇಳುತ್ತೇನೆ.